ಚೌಕ ತಗಡಿನ ತಾಪಮಾನ: ಗ್ರಿಡ್ ಹಾಕಿ ಲಾಪ್ಲಾಸ್ ಸಮೀಕರಣ ಬಿಡಿಸುವುದು ಹೇಗೆ, ಯಾವಾಗ ನಿಲ್ಲಿಸಬೇಕು

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಬಿ.ಎಸ್ಸಿ. ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಪ್ರೋಗ್ರಾಂ ತಾನಾಗಿಯೇ ನಿಂತಿತು, ತಪ್ಪು ಅಂತ ಏನೂ ತೋರಿಸಲಿಲ್ಲ. ಆದರೆ ತಗಡಿನ ನಡುವಿನ ತಾಪಮಾನ 25 ಬರಬೇಕಾದಲ್ಲಿ 22.5 ಬಂದಿದೆ. ಗ್ರಿಡ್ ಇನ್ನೂ ಸಣ್ಣದು ಮಾಡಿದರೆ 16ಕ್ಕೆ ಇಳಿಯಿತು. ಎಲ್ಲಿ ತಪ್ಪಿದೆ?"

ಹೆಚ್ಚಿನ ಸಲ ಸೂತ್ರ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನದಲ್ಲಿ. ಅದನ್ನು ಸರಿಯಾಗಿ ಹಿಡಿಯಬೇಕಾದರೆ ಮೊದಲು ಒಂಬತ್ತು ಬಿಂದುಗಳ ಲೆಕ್ಕವನ್ನು ಕೈಯಿಂದ ಮಾಡಿ ನೋಡಬೇಕು. ಆಮೇಲೆ ಕಂಪ್ಯೂಟರ್.

ಏನು ಬೇಕು

ಒಂದು ಚೌಕಳಿ ಹಾಳೆ, ಪೆನ್ಸಿಲ್, ಕ್ಯಾಲ್ಕುಲೇಟರ್. ಎರಡನೇ ಭಾಗಕ್ಕೆ ಪೈಥಾನ್ ಮತ್ತು ನಂಪೈ ಇರುವ ಯಾವುದೇ ಕಂಪ್ಯೂಟರ್ ಸಾಕು.

ನಮ್ಮ ಲೆಕ್ಕ ಇದು. ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಒಂದು ಚೌಕ ತಗಡು ಕತ್ತರಿಸಿ ತಂದಿದ್ದೀರಿ ಅಂದುಕೊಳ್ಳಿ. ಅದರ ಮೇಲಿನ ಅಂಚನ್ನು ಸದಾ 100 ಡಿಗ್ರಿಯಲ್ಲಿ ಇಟ್ಟಿದ್ದೀರಿ. ಉಳಿದ ಮೂರು ಅಂಚು ಸದಾ 0 ಡಿಗ್ರಿ. ತಗಡಿನ ಎರಡೂ ಮುಖಕ್ಕೆ ಬಿಸಿ ಸೋರದ ಹಾಗೆ ಹೊದಿಕೆ ಇದೆ. ಸಾಕಷ್ಟು ಹೊತ್ತು ಬಿಟ್ಟರೆ ಒಳಗಿನ ತಾಪಮಾನ ಬದಲಾಗುವುದು ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಎಲ್ಲೆಲ್ಲಿ ಎಷ್ಟು ಬಿಸಿ ಇರುತ್ತದೆ ಎಂದು ಹೇಳುವುದೇ ಲಾಪ್ಲಾಸ್ ಸಮೀಕರಣ:

```
∂²u/∂x² + ∂²u/∂y² = 0
```

ಇಲ್ಲಿ `u` ಅಂದರೆ ತಾಪಮಾನ. ಮುಖಗಳ ಹೊದಿಕೆಯ ಮಾತನ್ನು ಸುಮ್ನೆ ಹೇಳಿದ್ದಲ್ಲ. ರೊಟ್ಟಿ ಬೇಯಿಸುವ ಹೆಂಚಿಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಕೆಳಗಿನಿಂದ ಉರಿ ತಾಗುತ್ತದೆ, ಮೇಲಿನಿಂದ ಬಿಸಿ ಗಾಳಿಗೆ ಹೋಗುತ್ತದೆ. ಹಾಗಾಗಿ ಸಮೀಕರಣದ ಬಲಗಡೆ ಸೊನ್ನೆ ಉಳಿಯುವುದಿಲ್ಲ. ನಮ್ಮ ತಗಡಿನಲ್ಲಿ ಬಿಸಿ ಒಳಗೆ ಬರುವುದೂ ಹೊರಗೆ ಹೋಗುವುದೂ ಅಂಚಿನಿಂದ ಮಾತ್ರ.

ಹಂತ 1: ಸಮೀಕರಣವನ್ನು ಸರಾಸರಿಯಾಗಿ ಮಾಡಿಕೊಳ್ಳಿ

ತಗಡಿನ ಮೇಲೆ ಸಮ ಅಂತರದ ಗೆರೆ ಎಳೆಯಿರಿ. ಗೆರೆಗಳು ಕೂಡುವ ಕಡೆಗಳೇ ನಮ್ಮ ಬಿಂದುಗಳು, ಈ ಜಾಲರಿಗೇ ಗ್ರಿಡ್ ಅನ್ನುತ್ತಾರೆ. ಪಕ್ಕಪಕ್ಕದ ಬಿಂದುಗಳ ನಡುವಿನ ಅಂತರ `h`. ಒಂದು ಬಿಂದುವಿನಲ್ಲಿ ಎಡ-ಬಲ ದಿಕ್ಕಿನ ಎರಡನೇ ಡಿರೈವೇಟಿವ್ ಹೆಚ್ಚುಕಡಿಮೆ ಇಷ್ಟಿರುತ್ತದೆ: (ಎಡ + ಬಲ − 2 × ತಾನು) ÷ `h²`. ಮೇಲೆ-ಕೆಳಗೆ ದಿಕ್ಕಿಗೂ ಹಾಗೆಯೇ. ಎರಡನ್ನೂ ಕೂಡಿಸಿ ಸೊನ್ನೆಗೆ ಸಮ ಮಾಡಿದರೆ `h²` ಹೊಡೆದುಹೋಗುತ್ತದೆ. ಉಳಿಯುವುದು ಇಷ್ಟೇ:

ತಾನು = (ಮೇಲೆ + ಕೆಳಗೆ + ಎಡ + ಬಲ) ÷ 4

ಒಳಗಿನ ಪ್ರತಿ ಬಿಂದುವೂ ತನ್ನ ನಾಲ್ಕು ನೆರೆಯವರ ಸರಾಸರಿ ಆಗಿರಬೇಕು. ಇದರಲ್ಲಿ ತಗಡಿನ ಅಳತೆಯೂ ಇಲ್ಲ, ಲೋಹದ ಹೆಸರೂ ಇಲ್ಲ. ತಾಮ್ರವಾದರೂ ಉಕ್ಕಾದರೂ ಉತ್ತರ ಒಂದೇ. ತಾಮ್ರದ ತಗಡು ಆ ಸ್ಥಿತಿಗೆ ಬೇಗ ತಲುಪುತ್ತದೆ, ಅಷ್ಟೇ ವ್ಯತ್ಯಾಸ.

ಹಂತ 2: ಒಂಬತ್ತು ಬಿಂದುಗಳನ್ನು ಕೈಯಿಂದ ಬಿಡಿಸಿ

ಪ್ರತಿ ಅಂಚನ್ನೂ ನಾಲ್ಕು ಭಾಗ ಮಾಡಿ. ಒಳಗೆ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಬಿಂದು ಸಿಗುತ್ತವೆ. ಅಂಚಿನ ಬೆಲೆಗಳನ್ನು ಪೆನ್ನಿನಿಂದ ಬರೆಯಿರಿ, ಅವು ಬದಲಾಗುವುದಿಲ್ಲ. ಒಳಗಿನ ಒಂಬತ್ತಕ್ಕೂ ಪೆನ್ಸಿಲಿನಿಂದ 0 ಬರೆಯಿರಿ.

ಈಗ ಮೇಲಿನ ಸಾಲಿನ ಎಡ ಬಿಂದುವಿನಿಂದ ಶುರು ಮಾಡಿ. ಅದರ ಮೇಲೆ 100, ಉಳಿದ ಮೂರು ಕಡೆ 0. ಸರಾಸರಿ 25. ಹಳೆಯ 0 ಅಳಿಸಿ 25 ಬರೆಯಿರಿ. ಅದರ ಬಲಗಡೆಯ ಬಿಂದುವಿಗೆ ಮೇಲೆ 100, ಎಡಕ್ಕೆ ಈಗಷ್ಟೇ ಬರೆದ 25. ಸರಾಸರಿ 31.25. ಮೂರನೆಯದಕ್ಕೆ 131.25ನ್ನು ನಾಲ್ಕರಿಂದ ಭಾಗಿಸಿ: 32.81. ಹೀಗೆ ಒಂಬತ್ತೂ ಬಿಂದು ಮುಗಿದರೆ ಒಂದು ಸುತ್ತು. ಹೊಸ ಬೆಲೆ ಸಿಕ್ಕ ಕೂಡಲೇ ಮುಂದಿನ ಬಿಂದುವಿಗೆ ಅದನ್ನೇ ಬಳಸುವ ಈ ಕ್ರಮಕ್ಕೆ ಗಾಸ್-ಸೈಡಲ್ ವಿಧಾನ ಎಂದು ಹೆಸರು. ಇಡೀ ಸುತ್ತು ಮುಗಿಯುವ ತನಕ ಹಳೆಯ ಬೆಲೆಗಳನ್ನೇ ಬಳಸಿದರೆ ಅದು ಯಾಕೋಬಿ ವಿಧಾನ. ಯಾಕೋಬಿಗೆ ಸುಮಾರು ಎರಡು ಪಟ್ಟು ಸುತ್ತು ಬೇಕು, ಎರಡು ಪ್ರತಿ ಇಟ್ಟುಕೊಳ್ಳುವ ಕೆಲಸ ಬೇರೆ. ನಾವು ಗಾಸ್-ಸೈಡಲ್ ಹಿಡಿಯೋಣ.

ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. ತಗಡು ಎಡ-ಬಲ ಒಂದೇ ಥರ ಇದೆ, ಆದರೆ ಎಡಕ್ಕೆ 25, ಬಲಕ್ಕೆ 32.81 ಬಂದಿದೆ ಅಲ್ವಾ? ತಪ್ಪಲ್ಲ. ಎಡದಿಂದ ಬಲಕ್ಕೆ ನಡೆದಿದ್ದರಿಂದ ಬಲಗಡೆಯ ಬಿಂದುವಿಗೆ ಹೊಸ ಸುದ್ದಿ ಮೊದಲು ಸಿಕ್ಕಿತು. ಸುತ್ತುಗಳು ಮುಂದುವರಿದಂತೆ ಈ ವ್ಯತ್ಯಾಸ ತಾನಾಗಿಯೇ ಹೋಗುತ್ತದೆ. ಕೊನೆಯಲ್ಲಿಯೂ ಉಳಿದಿದ್ದರೆ ಆಗ ಮಾತ್ರ ಚಿಂತೆ ಮಾಡಿ.

ಕೊನೆಗೆ ಸಿಗಬೇಕಾದ ಉತ್ತರ ಇದು:

```
       100    100    100
  0  42.86  52.68  42.86  0
  0  18.75  25.00  18.75  0
  0   7.14   9.82   7.14  0
         0      0      0
```

ಯಾವುದಾದರೂ ಒಂದು ಬಿಂದು ಹಿಡಿದು ಸರಾಸರಿ ಪರೀಕ್ಷಿಸಿ. ನಡುವಿನದಕ್ಕೆ 52.68, 18.75, 18.75, 9.82. ಕೂಡಿಸಿದರೆ 100, ನಾಲ್ಕರಿಂದ ಭಾಗಿಸಿದರೆ 25.

ನಡುವಿನ ಬಿಂದು 25 ಆಗಲೇಬೇಕು ಎನ್ನುವುದನ್ನು ಲೆಕ್ಕ ಮಾಡದೆಯೂ ಹೇಳಬಹುದು. ಇದೇ ತಗಡನ್ನು ಕಾಲು ಸುತ್ತು ತಿರುಗಿಸುತ್ತ ಹೋಗಿ, ಬಿಸಿ ಅಂಚು ಒಂದೊಂದು ಸಲ ಒಂದೊಂದು ಕಡೆ ಬರಲಿ. ಆ ನಾಲ್ಕೂ ಉತ್ತರಗಳನ್ನು ಕೂಡಿಸಿದರೆ ನಾಲ್ಕೂ ಅಂಚು 100 ಇರುವ ತಗಡು ಸಿಗುತ್ತದೆ. ಅದರ ಒಳಗೆಲ್ಲ 100. ನಾಲ್ಕೂ ಸಲ ನಡುವಿನ ಬಿಂದುವಿನ ಬೆಲೆ ಒಂದೇ, ಹಾಗಾಗಿ ತಲಾ 25. ಗ್ರಿಡ್ ದೊಡ್ಡದಿರಲಿ, ಸಣ್ಣದಿರಲಿ, ಇದು ಬದಲಾಗುವುದಿಲ್ಲ. ಅಂಚುಗಳ ತಾಪಮಾನ ಬೇರೆ ಬೇರೆ ಇದ್ದರೆ ನಡುವಿನದು ಆ ನಾಲ್ಕರ ಸರಾಸರಿ. ಇಷ್ಟು ಗಟ್ಟಿಯಾದ ಪರೀಕ್ಷೆ ಪುಕ್ಕಟೆ ಸಿಗುವುದು ಅಪರೂಪ, ಯಾವಾಗಲೂ ಬಳಸಿ.

ಹಂತ 3: ಉಳಿದ ತಪ್ಪು ಎಷ್ಟು ಎಂದು ಗಮನಿಸಿ

ಈ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಕೈಲೆಕ್ಕದಲ್ಲಿ ನಡುವಿನ ಬಿಂದುವಿನ ಬೆಲೆ ಮೊದಲ ಸುತ್ತಿಗೆ 9.375, ಎರಡಕ್ಕೆ 17.19, ಮೂರಕ್ಕೆ 21.09. ತಲುಪಬೇಕಾದ್ದು 25. ಅಂದರೆ ಬಾಕಿ ಉಳಿದದ್ದು 15.63, 7.81, 3.91. ಪ್ರತಿ ಸುತ್ತಿಗೂ ಬಾಕಿ ಸರಿಯಾಗಿ ಅರ್ಧಕ್ಕೆ ಇಳಿಯುತ್ತಿದೆ. ಬಾಕಿ ಅರ್ಧವಾಗುತ್ತ ಹೋದರೆ, ಈ ಸುತ್ತಿನಲ್ಲಿ ಆದ ಬದಲಾವಣೆ ಎಷ್ಟೋ ಇನ್ನೂ ಉಳಿದಿರುವ ಬಾಕಿಯೂ ಅಷ್ಟೇ. ಮೂರನೇ ಸುತ್ತಿನಲ್ಲಿ ಬೆಲೆ 3.91 ಏರಿತು, ಬಾಕಿಯೂ 3.91. ಇಲ್ಲಿ "ಬದಲಾವಣೆ 0.01ಕ್ಕಿಂತ ಕಡಿಮೆಯಾದರೆ ನಿಲ್ಲಿಸು" ಎಂದರೆ ನಿಜವಾಗಿಯೂ ಬಾಕಿ 0.01ರ ಆಸುಪಾಸು ಇರುತ್ತದೆ.

ತೊಂದರೆ ಬರುವುದು ಗ್ರಿಡ್ ಸಣ್ಣದಾದಾಗ. ಅಂಚನ್ನು `N` ಭಾಗ ಮಾಡಿದರೆ, ಒಂದು ಸುತ್ತಿಗೆ ಬಾಕಿ ಎಷ್ಟು ಪಾಲಿಗೆ ಇಳಿಯುತ್ತದೆ ಎನ್ನುವುದಕ್ಕೆ ಚೌಕ ತಗಡಿನಲ್ಲಿ ಖಚಿತ ಸೂತ್ರ ಇದೆ: `λ = cos²(π/N)`. `N = 4` ಹಾಕಿ ನೋಡಿ, ಸರಿಯಾಗಿ 0.5 ಬರುತ್ತದೆ. `N = 50` ಆದರೆ 0.996. ಅಂದರೆ ಪ್ರತಿ ಸುತ್ತಿಗೂ ಬಾಕಿಯಲ್ಲಿ ಸಾವಿರಕ್ಕೆ ನಾಲ್ಕು ಪಾಲು ಮಾತ್ರ ತೀರುತ್ತದೆ. ಬದಲಾವಣೆ 0.01 ಆಗಿರುವುದು ಉತ್ತರ ಹತ್ತಿರ ಬಂದಿದ್ದಕ್ಕಲ್ಲ, ನಡಿಗೆ ನಿಧಾನವಾಗಿದ್ದಕ್ಕೆ.

ಉಳಿದ ಬಾಕಿ ಸುಮಾರು ಇಷ್ಟು: ಬದಲಾವಣೆ × `λ/(1−λ)`. `N = 20` ಆದರೆ ಬದಲಾವಣೆಯ 40 ಪಟ್ಟು. `N = 50` ಆದರೆ 250 ಪಟ್ಟು. `N = 100` ಆದರೆ ಸಾವಿರ ಪಟ್ಟು. ಎಲ್ಲದಕ್ಕೂ 0.01ರಲ್ಲೇ ನಿಲ್ಲಿಸಿದರೆ ನಡುವಿನ ಬಿಂದು ಮೊದಲನೆಯದರಲ್ಲಿ 24.6, ಎರಡನೆಯದರಲ್ಲಿ 22.5, ಮೂರನೆಯದರಲ್ಲಿ 16ರ ಆಸುಪಾಸು ನಿಲ್ಲುತ್ತದೆ. ಗ್ರಿಡ್ ಸಣ್ಣದು ಮಾಡಿದಷ್ಟೂ ಉತ್ತರ ಕೆಡುತ್ತಿದೆ ಎಂದು ನಿಮಗೆ ಅನಿಸಿದ್ದಕ್ಕೆ ಕಾರಣ ಇದೇ.

ಇಷ್ಟು ನಿಧಾನ ಯಾಕೆ? ಸರಾಸರಿ ತೆಗೆಯುವುದು ಪಕ್ಕಪಕ್ಕದ ಏರುಪೇರನ್ನು ಬೇಗ ಒರೆಸಿಹಾಕುತ್ತದೆ. ಆದರೆ ಉಳಿದ ಬಾಕಿ ಇಡೀ ತಗಡಿನ ಮೇಲೆ ಒಂದೇ ದೊಡ್ಡ, ನಯವಾದ ಉಬ್ಬಿನಂತೆ ಹರಡಿರುತ್ತದೆ. ಆ ಉಬ್ಬಿನ ಮೇಲೆ ಯಾವ ಬಿಂದು ನೋಡಿದರೂ ಅದು ಆಗಲೇ ನೆರೆಯವರ ಸರಾಸರಿಗೆ ಬಹಳ ಹತ್ತಿರ ಇರುತ್ತದೆ. ಹಾಗಾಗಿ ಅದಕ್ಕೆ ಬದಲಾಗಲು ಕಾರಣವೇ ಕಾಣುವುದಿಲ್ಲ.

ಮಾಡಬೇಕಾದ್ದು: `λ` ಗೊತ್ತಿಲ್ಲದ ಆಕಾರದ ತಗಡಿದ್ದರೂ, ಈ ಸುತ್ತಿನ ಅತಿ ದೊಡ್ಡ ಬದಲಾವಣೆಯನ್ನು ಹಿಂದಿನ ಸುತ್ತಿನದರಿಂದ ಭಾಗಿಸಿ. ಒಂದಷ್ಟು ಸುತ್ತಿನ ನಂತರ ಆ ಭಾಗಲಬ್ಧ ಒಂದು ಬೆಲೆಗೆ ನಿಲ್ಲುತ್ತದೆ. ಅದೇ `λ`. ಅದರಿಂದ ಬಾಕಿ ಲೆಕ್ಕ ಹಾಕಿ, ಬಾಕಿ ನಿಮಗೆ ಒಪ್ಪಿಗೆಯಾಗುವಷ್ಟು ಕಡಿಮೆಯಾದಾಗ ನಿಲ್ಲಿಸಿ.

ಹಂತ 4: ಪ್ರೋಗ್ರಾಂ ಬರೆಯಿರಿ, ಸ್ವಲ್ಪ ಮುಂದೆ ತಳ್ಳಿ

1930ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಸೌತ್‌ವೆಲ್ ಈ ಥರದ ಲೆಕ್ಕಗಳನ್ನು ಕೈಯಿಂದಲೇ ಮಾಡುವ ಕ್ರಮ ಬೆಳೆಸಿದರು. ರಿಲ್ಯಾಕ್ಸೇಶನ್ ಎಂಬ ಹೆಸರು ಅಲ್ಲಿಂದ ರೂಢಿಗೆ ಬಂತು. ಕೈಯಿಂದ ಮಾಡುವಾಗ ಎಲ್ಲಿ ತಪ್ಪು ಜಾಸ್ತಿ ಇದೆಯೋ ಆ ಬಿಂದುವನ್ನೇ ಹುಡುಕಿ ಸರಿ ಮಾಡಬಹುದು, ಬೇಕಿದ್ದರೆ ಸರಾಸರಿಗಿಂತ ಸ್ವಲ್ಪ ಮುಂದೆಯೂ ತಳ್ಳಬಹುದು. ಎಷ್ಟು ತಳ್ಳಿದರೆ ಒಳ್ಳೆಯದು ಎಂಬ ಸಿದ್ಧಾಂತವನ್ನು 1950ರಲ್ಲಿ ಡೇವಿಡ್ ಯಂಗ್ ಹಾರ್ವರ್ಡ್‌ನ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಕೊಟ್ಟರು. ಇದಕ್ಕೆ ಓವರ್-ರಿಲ್ಯಾಕ್ಸೇಶನ್ ಎನ್ನುತ್ತಾರೆ. ಸರಾಸರಿ 10 ಏರಿಸು ಎಂದರೆ ನೀವು 10ಕ್ಕೆ ನಿಲ್ಲದೆ `w` ಪಟ್ಟು ಏರಿಸುತ್ತೀರಿ. ನಮ್ಮ ಚೌಕ ತಗಡಿಗೆ ಅತ್ಯುತ್ತಮ `w` ಈ ಸೂತ್ರದಿಂದ ಸಿಗುತ್ತದೆ: `2/(1 + sin(π/N))`. `N = 50` ಆದರೆ ಅದು 1.88.

```python
import math
import numpy as np

N = 50
u = np.zeros((N + 1, N + 1))
u[0, :] = 100.0
w = 2 / (1 + math.sin(math.pi / N))

for k in range(20000):
    big = 0.0
    for i in range(1, N):
        for j in range(1, N):
            avg = (u[i-1, j] + u[i+1, j]
                   + u[i, j-1] + u[i, j+1]) / 4
            d = w * (avg - u[i, j])
            u[i, j] += d
            big = max(big, abs(d))
    if big < 1e-6:
        break

print(k + 1, u[N//2, N//2])
```

`w = 1` ಎಂದು ಇಟ್ಟರೆ ಇದೇ ಪ್ರೋಗ್ರಾಂ ಶುದ್ಧ ಗಾಸ್-ಸೈಡಲ್. ಮೊದಲು ಹಾಗೆ ಓಡಿಸಿ, ಆಮೇಲೆ 1.88ರಲ್ಲಿ ಓಡಿಸಿ. ಮೊದಲನೆಯದಕ್ಕೆ ಸುಮಾರು ಮೂರು ಸಾವಿರ ಸುತ್ತು ಬೇಕು. ಎರಡನೆಯದು ಇನ್ನೂರರ ಆಸುಪಾಸಿನಲ್ಲೇ ಮುಗಿಯುತ್ತದೆ. ಇನ್ನೊಂದು ಲಾಭವೂ ಇದೆ. `w` ಸರಿಯಾಗಿದ್ದಾಗ ಬಾಕಿ ಸುತ್ತಿಗೆ ಸುಮಾರು `w − 1` ಪಾಲಿಗೆ, ಅಂದರೆ 0.88ಕ್ಕೆ ಇಳಿಯುತ್ತದೆ. ಆಗ ಬಾಕಿಗೂ ಬದಲಾವಣೆಗೂ ನಡುವಿನ ಅಂತರ 250 ಪಟ್ಟಿನಿಂದ ಏಳೆಂಟು ಪಟ್ಟಿಗೆ ಬರುತ್ತದೆ. ಹಂತ 3ರ ಮೋಸವೂ ಹೆಚ್ಚುಕಡಿಮೆ ತಪ್ಪುತ್ತದೆ. ಆದರೆ `w` ಬಳಸುವಾಗ ಬದಲಾವಣೆ ಸುತ್ತಿನಿಂದ ಸುತ್ತಿಗೆ ಏರಿಳಿಯುತ್ತದೆ. ಹಾಗಾಗಿ ಭಾಗಲಬ್ಧದಿಂದ `λ` ಹಿಡಿಯುವ ಪರೀಕ್ಷೆಯನ್ನು `w = 1` ಇಟ್ಟೇ ಮಾಡಿ.

`w` 2 ಅಥವಾ ಅದಕ್ಕಿಂತ ಜಾಸ್ತಿ ಆದರೆ ಲೆಕ್ಕ ನಿಲ್ಲುವುದೇ ಇಲ್ಲ. 2ಕ್ಕಿಂತ ಮೇಲೆ ಹೋದರೆ ಬೆಲೆಗಳು ಕೋಟಿಗಟ್ಟಲೆ ಏರುತ್ತವೆ. ಅತ್ಯುತ್ತಮ ಬೆಲೆ ಖಚಿತ ಗೊತ್ತಿಲ್ಲದಿದ್ದರೆ ಅಂದಾಜು ಸ್ವಲ್ಪ ಮೇಲಿರಲಿ, ಕೆಳಗೆ ಬೇಡ. ಕೆಳಗೆ ತಪ್ಪಿದರೆ ವೇಗ ತಟ್ಟನೆ ಬೀಳುತ್ತದೆ.

ಪ್ರೋಗ್ರಾಂ ಬರೆಯುವಾಗ ಬೀಳುವ ಹಳ್ಳಗಳು

ಒಂದೇ ಸುತ್ತಿಗೆ ನಿಂತುಬಿಟ್ಟರೆ, ಹಳೆಯ ಬೆಲೆಗಳನ್ನು ಇಟ್ಟುಕೊಳ್ಳಲು `old = u` ಎಂದು ಬರೆದಿದ್ದೀರಾ ನೋಡಿ. ಅದು ಪ್ರತಿ ಮಾಡುವುದಿಲ್ಲ, ಒಂದೇ ಪಟ್ಟಿಗೆ ಎರಡು ಹೆಸರು ಇಡುತ್ತದೆ. ಆಗ ವ್ಯತ್ಯಾಸ ಯಾವಾಗಲೂ ಸೊನ್ನೆ, ಪ್ರೋಗ್ರಾಂ ಕೆಲಸ ಮುಗಿಯಿತು ಎಂದು ಖುಷಿಯಿಂದ ನಿಲ್ಲುತ್ತದೆ. `old = u.copy()` ಎಂದು ಬರೆಯಬೇಕು.

ನಂಪೈ ಬಿಟ್ಟು `[[0]*5]*5` ಎಂದು ಪಟ್ಟಿ ಮಾಡಿದರೆ ಐದೂ ಸಾಲು ಒಂದೇ ಸಾಲಾಗಿರುತ್ತವೆ. ಮೇಲಿನ ಅಂಚಿಗೆ 100 ಹಾಕಿದ ಕೂಡಲೇ ಇಡೀ ತಗಡು 100 ಆಗುತ್ತದೆ. ಉತ್ತರದಲ್ಲಿ ಎಲ್ಲ ಸಾಲೂ ಒಂದೇ ಥರ ಕಂಡರೆ ಇಲ್ಲಿ ಹುಡುಕಿ.

ಉತ್ತರದಲ್ಲಿ ಒಂದೂ ದಶಾಂಶ ಇಲ್ಲದಿದ್ದರೆ ಪಟ್ಟಿ ಪೂರ್ಣಾಂಕದ್ದು. `np.array([[0, 100], ...])` ಎಂದು ಚುಕ್ಕಿಯಿಲ್ಲದ ಅಂಕಿಗಳಿಂದ ಮಾಡಿದರೆ 31.25 ಒಳಗೆ ಹೋಗುವಾಗಲೇ 31 ಆಗಿಬಿಡುತ್ತದೆ.

ಇನ್ನು, ಒಳಗಿನ ಯಾವ ಬಿಂದುವೂ ಅತಿ ಬಿಸಿ ಅಂಚಿಗಿಂತ ಬಿಸಿ ಇರಬಾರದು, ಅತಿ ತಣ್ಣನೆಯದಕ್ಕಿಂತ ತಣ್ಣಗಿರಬಾರದು. ಸರಾಸರಿ ಎಂದೂ ತನ್ನ ನೆರೆಯವರನ್ನು ಮೀರುವುದಿಲ್ಲ. ಕೊನೆಯ ಉತ್ತರದಲ್ಲಿ 103 ಕಂಡರೆ ಲೂಪಿನ ಗಡಿ ತಪ್ಪಿದೆ. ನಡುವೆ, `w` 1ಕ್ಕಿಂತ ಜಾಸ್ತಿ ಇರುವಾಗ, ಬೆಲೆ ಒಂದಷ್ಟು ಹೊತ್ತು ಮೀರಿ ಹೋಗಬಹುದು. ಅದು ಸರಿಹೋಗುತ್ತದೆ.

ಹಂತ 5: ಗ್ರಿಡ್‌ನ ತಪ್ಪನ್ನು ಬೇರೆಯಾಗಿ ಅಳೆಯಿರಿ

ಸುತ್ತು ಎಷ್ಟು ಓಡಿಸಿದರೂ ಹೋಗದ ಇನ್ನೊಂದು ತಪ್ಪು ಇದೆ. ಒಂಬತ್ತು ಬಿಂದುಗಳ ಲೆಕ್ಕದಲ್ಲಿ ಮೇಲಿನ ಸಾಲಿನ ನಡುವೆ 52.68 ಬಂತು. ಸಮೀಕರಣದ ನಿಜವಾದ ಉತ್ತರ, ಫೋರಿಯರ್ ಸರಣಿಯಿಂದ ಕೂಡಿಸಿದರೆ, ಅಲ್ಲಿ 54.05. ಈ 1.37ರ ವ್ಯತ್ಯಾಸ ದೊಡ್ಡ ಗ್ರಿಡ್‌ನಿಂದ ಬಂದದ್ದು. `N` ಎರಡು ಪಟ್ಟು ಮಾಡಿದರೆ ಇದು ಸುಮಾರು ಕಾಲು ಪಾಲಿಗೆ ಇಳಿಯುತ್ತದೆ. ಹಾಗಾಗಿ ಎರಡು ಗ್ರಿಡ್‌ನಲ್ಲಿ ಲೆಕ್ಕ ಮಾಡಿ ಒಂದೇ ಜಾಗದ ಬೆಲೆ ಹೋಲಿಸಿ. ಎರಡರಲ್ಲೂ ಸುತ್ತಿನ ಬಾಕಿ ಪೂರ್ತಿ ತೀರಿರಬೇಕು, ಇಲ್ಲದಿದ್ದರೆ ಯಾವ ತಪ್ಪು ಯಾವುದು ಎಂದು ತಿಳಿಯುವುದಿಲ್ಲ. ಹೋಲಿಕೆಗೆ ನಡುವಿನ ಬಿಂದು ಮಾತ್ರ ಬೇಡ. ಅದು ಎಲ್ಲ ಗ್ರಿಡ್‌ನಲ್ಲೂ 25 ಆಗಿರುವುದರಿಂದ ಗ್ರಿಡ್‌ನ ತಪ್ಪನ್ನು ತೋರಿಸುವುದಿಲ್ಲ.

ಮೇಲಿನ ಎರಡು ಮೂಲೆಗಳ ಬಗ್ಗೆ ಎಚ್ಚರ ಇರಲಿ. ಅಲ್ಲಿ 100 ಮತ್ತು 0 ಒಂದೇ ಬಿಂದುವಿನಲ್ಲಿ ಸೇರುತ್ತವೆ. ಮೂಲೆಗೆ ಯಾವ ಬೆಲೆ ಕೊಡಬೇಕು ಎಂದು ತುಂಬ ಜನ ಕೇಳುತ್ತಾರೆ. ಏನು ಕೊಟ್ಟರೂ ನಡೆಯುತ್ತದೆ, ಯಾಕೆಂದರೆ ಒಳಗಿನ ಯಾವ ಬಿಂದುವಿಗೂ ಮೂಲೆ ನೆರೆಯಲ್ಲ. ಆದರೆ ಬಿಸಿ ಅಂಚಿನಿಂದ ಒಟ್ಟು ಎಷ್ಟು ಶಾಖ ಒಳಗೆ ಹರಿಯುತ್ತದೆ ಎಂದು ಈ ಲೆಕ್ಕದಿಂದ ತೆಗೆಯಲು ಹೋಗಬೇಡಿ. ಗ್ರಿಡ್ ಅರ್ಧ ಮಾಡಿದಾಗಲೆಲ್ಲ ಆ ಮೊತ್ತಕ್ಕೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಸೇರುತ್ತ ಹೋಗುತ್ತದೆ, ಎಂದೂ ನಿಲ್ಲುವುದಿಲ್ಲ. ಅದು ಪ್ರೋಗ್ರಾಂ ತಪ್ಪಲ್ಲ. ಮೂಲೆಯಲ್ಲಿ 100 ಡಿಗ್ರಿಯ ಜಿಗಿತ ಇಟ್ಟ ಲೆಕ್ಕದ ಗುಣವೇ ಹಾಗೆ.

ಮೂಲೆಯ ಗೊಂದಲ ಇಲ್ಲದೆ ನಿಮ್ಮ ಪ್ರೋಗ್ರಾಂ ಪರೀಕ್ಷಿಸಬೇಕೆಂದರೆ ಮೇಲಿನ ಅಂಚಿನ ಸಾಲನ್ನು ಹೀಗೆ ಬದಲಿಸಿ:

```python
u[0, :] = 100 * np.sin(np.pi * np.arange(N + 1) / N)
```

ಈಗ ಅಂಚು ಮೂಲೆಯಲ್ಲಿ 0ಯಿಂದ ಶುರುವಾಗಿ ನಡುವೆ 100ಕ್ಕೆ ಏರಿ ಮತ್ತೆ 0ಗೆ ಇಳಿಯುತ್ತದೆ. ಇದಕ್ಕೆ ಖಚಿತ ಉತ್ತರ ಒಂದೇ ಸಾಲಿನಲ್ಲಿದೆ. ತಗಡಿನ ನಡುವೆ `100/(2·cosh(π/2))`, ಅಂದರೆ 19.927. `N = 50`ರಲ್ಲಿ ಪ್ರೋಗ್ರಾಂ 19.936 ಕೊಡಬೇಕು, `N = 100`ರಲ್ಲಿ 19.929. ಮೊದಲನೆಯದರಲ್ಲಿ ತಪ್ಪು 0.009, ಎರಡನೆಯದರಲ್ಲಿ 0.002. ನಿಮ್ಮದರಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದಾಗಿ ಬಂದರೆ ಹಂತ 3ಕ್ಕೆ ವಾಪಸ್ ಹೋಗಿ, `big`ನ ಮಿತಿ ಎಷ್ಟಿಟ್ಟಿದ್ದೀರಿ ನೋಡಿ.